ಪಾರ್ಟ್ ಆಫ್ ಫಾರ್ಚೂನ್: ಆಪ್‌ನಲ್ಲಿ ಮಕರ, ಎಕ್ಸೆಲ್‌ನಲ್ಲಿ ಕಟಕ, ಯಾವ್ದು ಸರಿ?

ರಘು_ಜಯನಗರ: ಅಕ್ಕನ ಮಗಳ ಜಾತಕ. ಬೆಂಗಳೂರಲ್ಲೇ ಹುಟ್ಟಿದ್ದು, ಮೇ ಮೊದಲ ವಾರ, ಸಂಜೆ 6:20. ಲಗ್ನ ತುಲಾ 16, ರವಿ ಮೇಷ 20, ಚಂದ್ರ ಕಟಕ 10 ಡಿಗ್ರಿ, ಇಷ್ಟೂ ಎರಡು ಕಡೆನೂ ಒಂದೇ ಇದೆ. ಆದ್ರೆ ಈ ಮೂರರಿಂದ ಲೆಕ್ಕ ಹಾಕೋ ಫಾರ್ಚೂನ್ ಬಿಂದು ಮಾತ್ರ ಆಪ್‌ನಲ್ಲಿ ಮಕರ 6, ಫ್ರೆಂಡ್ ಕೊಟ್ಟ ಎಕ್ಸೆಲ್‌ನಲ್ಲಿ ಕಟಕ 26. ಏನಿದು?

ಮಂಜುಳಾ_ಆರ್: ಅಯನಾಂಶ, ಅಂದ್ರೆ ರಾಶಿಚಕ್ರ ಎಲ್ಲಿಂದ ಶುರು ಅನ್ನೋ ಲೆಕ್ಕ, ಬೇರೆ ಇರತ್ತೆ ನೋಡಿ. ಮೂರು ಸಂಖ್ಯೆ ಸೇರ್ಸೋದಲ್ವಾ, ಒಂದೊಂದರಲ್ಲೂ 24 ಡಿಗ್ರಿ ವ್ಯತ್ಯಾಸ ಬಂದ್ರೆ ಎಲ್ಲೋ ಹೋಗ್ಬಿಡತ್ತೆ.

ಭಟ್_ಮಲ್ಲೇಶ್ವರಂ: ಇಲ್ಲ ಮೇಡಂ, ಎರಡು ಕೂಡಿ ಒಂದು ಕಳೀತೀವಿ, ಹಾಗಾಗಿ ಕೊನೇಲಿ ಒಂದೇ ಒಂದು 24 ಉಳಿಯೋದು. ಇಲ್ಲಿ ವ್ಯತ್ಯಾಸ 160. ರವಿಯಿಂದ ಚಂದ್ರ 80 ಡಿಗ್ರಿ ದೂರ, ಅದರ ಡಬಲ್ ಸರಿಯಾಗಿ 160, ಅಂದ್ರೆ ಒಂದು ಕಡೆ ಹಗಲಿನ ಲೆಕ್ಕ ಇನ್ನೊಂದು ಕಡೆ ರಾತ್ರಿದು. ಹಗಲಿಗೆ ಲಗ್ನ 196ಕ್ಕೆ ಚಂದ್ರ 100 ಕೂಡಿ ರವಿ 20 ಕಳೀರಿ, 276, ಮಕರ 6. ರಾತ್ರಿಗೆ ರವಿ ಕೂಡಿ ಚಂದ್ರ ಕಳೀಬೇಕು, 116 ಬರತ್ತೆ, ಕಟಕ 26. ರಘು ಅವ್ರೇ, ಆಪ್‌ನಲ್ಲಿ ಲಾಟ್ ಆಫ್ ಸ್ಪಿರಿಟ್ ಇದ್ರೆ ನೋಡಿ, ಅದು ಇದರ ಉಲ್ಟಾ, ಹಾಗಾಗಿ ಕಟಕ 26 ಇರತ್ತೆ.

ರಘು_ಜಯನಗರ: ಹೌದು ಸರ್, ಕಟಕ 26 ಇದೆ! ಹಾಗಾದ್ರೆ ಶೀಟ್ ಯಾಕೆ ರಾತ್ರಿ ಅಂತ ತಗೊಳ್ತು? ಫಾರ್ಮುಲಾ ಇದು

```
=AND(HOUR>=6,HOUR<18)
```

ಭಟ್_ಮಲ್ಲೇಶ್ವರಂ: ಸಿಕ್ತಲ್ಲ. ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಸೂರ್ಯ ಮುಳುಗೋದೇ 6:30 ದಾಟಿ, ಗಡಿಯಾರ ನೋಡಿದ್ರೆ ಆಗಲ್ಲ. ಸಪ್ತಮದ ಆರಂಭ ಮೇಷ 16, ರವಿ 20, ಅಂದ್ರೆ ಇನ್ನೂ ದಿಗಂತದ ಮೇಲೇ ಇದಾನೆ. ಆ ಸಾಲು ತೆಗೆದು ಇದು ಹಾಕಿ, TRUE ಬಂದ್ರೆ ಹಗಲು:

```
=MOD(SUN-ASC,360)>180
```

ಕಿರಣ್_ವಿಜಯನಗರ: ಗುರು ನನ್ನ ವರ್ಷಫಲ ಸಾಫ್ಟ್‌ವೇರ್‌ನಲ್ಲಿ ಫಾರ್ಚೂನ್ ಥರದ್ದೇ ಆದ ಪುಣ್ಯಸಹಮ ಸರಿಯಾಗಿ 30 ಡಿಗ್ರಿ ಜಾಸ್ತಿ ತೋರಿಸ್ತಿದೆ, ನಂದೂ ಹಗಲು ರಾತ್ರಿ ಪ್ರಾಬ್ಲಮ್ಮೇನಾ?

ಭಟ್_ಮಲ್ಲೇಶ್ವರಂ: ಅಲ್ಲ. ವರ್ಷಫಲ ನೋಡೋ ತಾಜಿಕ ಪದ್ಧತೀಲಿ ಹಗಲಿನ ಲೆಕ್ಕಕ್ಕೆ ರವಿಯಿಂದ ಚಂದ್ರನವರೆಗಿನ ದಾರೀಲಿ ಲಗ್ನ ಬರದಿದ್ರೆ ಒಂದು ರಾಶಿ ಕೂಡ್ತಾರೆ. ರಘು ಕೇಸಲ್ಲೂ ಲಗ್ನ ಮಧ್ಯ ಬರಲ್ಲ, ತಾಜಿಕ ಲೆಕ್ಕ ಹಾಕಿದ್ರೆ ಕುಂಭ 6 ಆಗತ್ತೆ. ಫಾರ್ಚೂನ್‌ನ ಗ್ರೀಕ್ ಲೆಕ್ಕದಲ್ಲಿ ಈ ರೂಲೇ ಇಲ್ಲ, ಅದಕ್ಕೇ ಎರಡನ್ನೂ ಹೋಲ್ಸಿ ತಲೆ ಕೆಡಿಸ್ಕೋಬೇಡಿ.

ಮಂಜುಳಾ_ಆರ್: ಹಳೇ ಗ್ರೀಕ್ ಜ್ಯೋತಿಷಿ ಟಾಲೆಮಿ ಹಗಲೂ ರಾತ್ರಿನೂ ಒಂದೇ ಫಾರ್ಮುಲಾ ಇಟ್ಟಿದಾನಲ್ಲ, ಹಾಗೇ ಬಿಟ್ರೆ ಈ ಜಗಳಾನೇ ಇರ್ತಿರ್ಲಿಲ್ಲ.

ಭಟ್_ಮಲ್ಲೇಶ್ವರಂ: ಅದು ನಿಜ, ಆದ್ರೆ ಅವನ ಕಾಲದ ಮಿಕ್ಕವರು ತುಂಬಾ ಜನ ರಾತ್ರಿಗೆ ಫಾರ್ಮುಲಾ ತಿರುಗಿಸ್ತಾರೆ, ನಾನೂ ತಿರುಗಿಸೋನೇ.

ರಘು_ಜಯನಗರ: ಫಾರ್ಮುಲಾ ಬದಲಾಯಿಸ್ದೆ, ಮಕರ 6 ಬಂತು. ಸರ್, ಸೂರ್ಯ ಮುಳುಗೋ ಹೊತ್ತಿಗೇ ಹುಟ್ಟಿದ್ರೆ?

ಭಟ್_ಮಲ್ಲೇಶ್ವರಂ: ಅಲ್ಲೇ ಕಷ್ಟ. ಪೇಪರ್‌ನಲ್ಲಿ ಬರೋ ಸೂರ್ಯಾಸ್ತ ಬಿಂಬದ ಮೇಲಿನ ಅಂಚು ಮರೆಯಾಗೋ ಸಮಯ, ಬೆಳಕು ಬಾಗೋದನ್ನೂ ಸೇರಿಸಿರ್ತಾರೆ. ಈ ಫಾರ್ಮುಲಾ ಬಿಂಬದ ನಡು ನೋಡೋದ್ರಿಂದ ಒಂದು ಮೂರು ನಿಮಿಷ ಮೊದ್ಲೇ ರಾತ್ರಿ ಅನ್ನತ್ತೆ. ಅಂಥ ಜಾತಕಕ್ಕೆ ನಾನು ಎರಡೂ ಬರೆದಿಟ್ಕೊಳ್ತೀನಿ.

ಮಂಜುಳಾ_ಆರ್: ನಾನಂತೂ ಸಂಧ್ಯೆ ಬೆಳಕು ಇರೋವರ್ಗೂ ಹಗಲು ಅಂತಲೇ ತಗೊಳ್ಳೋದು.