ಪದಚರ್ಚೆ: ‘ಹೆಡ್ಜಿಂಗ್’ಗೆ ನಮ್ಮ ಕಡೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಸುತ್ತಲಿನ ಮೆಕ್ಕೆಜೋಳ ಬೆಳೆಗಾರರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳ ಮಾಲಿಗೆ ಇವತ್ತೇ ಬೆಲೆ ಒಪ್ಪಿ ಎಕ್ಸ್‌ಚೇಂಜ್‌ನಲ್ಲಿ ಮಾಡುವ ಫ್ಯೂಚರ್ಸ್‌ಗೆ ‘ವಾಯಿದೆ ವ್ಯಾಪಾರ’ ಎಂಬ ಮಾತಿದೆ. ಬೆಲೆ ಏರಿಳಿತದ ನಷ್ಟದಿಂದ ಉಳಿಯಲು ಆ ವಾಯಿದೆಯಲ್ಲಿ ಮೊದಲೇ ಮಾರಿಡುವ ಅಥವಾ ಕೊಂಡಿಡುವ ಹೆಡ್ಜಿಂಗ್‌ಗೆ ಸಿಗುತ್ತಿಲ್ಲ. ‘ಬೆಲೆ ಕಟ್ಟಿಕೊಳ್ಳುವುದು’ ಎಂದು ಬರೆದೆ. ಓದಿದ ರೈತರೊಬ್ಬರು “ಕಟ್ಟೋರು ಯಾರು, ದಲ್ಲಾಳಿನಾ?” ಎಂದರು. ನಿಜ, ಬೆಲೆ ಕಟ್ಟುವುದು ಎಂದರೆ ನಮ್ಮಲ್ಲಿ ಅಂದಾಜು ಮಾಡುವುದು ಅಲ್ವಾ? ಬೇರೆ ಪದ ಹೇಳಿ.

ಚಿತ್ರದುರ್ಗದಿಂದ, ನಿವೃತ್ತ ಕನ್ನಡ ಮೇಷ್ಟ್ರು

ಹೆಡ್ಜ್ ಎಂದರೆ ಬೇಲಿ. ‘ಬೆಲೆಗೆ ಬೇಲಿ’ ಎಂದರೆ ಮುಗಿಯಿತು. ‘ಮುಂಗಡ ಬೆಲೆ’ಯೂ ಸರಿಯೇ. ಇವತ್ತು ಕ್ವಿಂಟಲ್‌ಗೆ 2,200 ಎಂದು ಒಪ್ಪಿಕೊಂಡರೆ ಡಿಸೆಂಬರ್‌ನಲ್ಲಿ ಕೈಗೆ 2,200 ಬರುತ್ತದೆ. ವಾಯಿದೆ ಎಂಬುದರ ಮೂಲ ಅರಬ್ಬಿಯಲ್ಲಿ, ಮಾತು ಕೊಡುವುದು ಎಂಬ ಅರ್ಥ. ನಾವು ಅದನ್ನು ಗಡುವಿಗೆ ಬಳಸುತ್ತೇವೆ.

ದಾವಣಗೆರೆಯಿಂದ, ಮಂಡಿಯಲ್ಲಿ ಲೆಕ್ಕ ಬರೆದವರು

ಮೇಷ್ಟ್ರೇ, ‘ಮುಂಗಡ’ ಮಾತ್ರ ಬೇಡ. ಮಂಡಿಯಲ್ಲಿ ಮುಂಗಡ ಎಂದರೆ ದಲ್ಲಾಳಿ ಹತ್ತಿರ ಮೊದಲೇ ಇಸಿದುಕೊಂಡ ದುಡ್ಡು. ಅದನ್ನು ತೆಗೆದುಕೊಂಡವನು ಮಾಲನ್ನು ಅವನ ಅಂಗಡಿಗೇ ಹಾಕಬೇಕು. ವಾಯಿದೆಯಲ್ಲಿ ಯಾರೂ ದುಡ್ಡು ಕೊಡುವುದಿಲ್ಲ. ನೀವೇ ಠೇವಣಿ ಇಡಬೇಕು.

2,200 ಕೈಗೆ ಬರುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ಲೆಕ್ಕಕ್ಕೆ ಒಬ್ಬ ರೈತ ಅಂದುಕೊಳ್ಳಿ. 100 ಕ್ವಿಂಟಲ್ ಬರಬಹುದು. ಸೆಪ್ಟೆಂಬರ್‌ನಲ್ಲಿ ಡಿಸೆಂಬರ್ ವಾಯಿದೆ 2,200 ಇದೆ, ಅಲ್ಲಿ 100 ಕ್ವಿಂಟಲ್ ಮಾರುತ್ತಾನೆ. ಮಾಲು ಇನ್ನೂ ಹೊಲದಲ್ಲೇ ಇದೆ. ನಮ್ಮ ಮಂಡಿ ರೇಟು ಸಾಮಾನ್ಯವಾಗಿ ವಾಯಿದೆಗಿಂತ 100 ಕಡಿಮೆ ಅಂತ ಇಟ್ಟುಕೊಳ್ಳಿ.

ಡಿಸೆಂಬರ್‌ನಲ್ಲಿ ವಾಯಿದೆ 1,900ಕ್ಕೆ ಬಿತ್ತು, ಮಂಡಿ 1,800. ಮಾಲನ್ನು ಮಂಡಿಯಲ್ಲೇ ಮಾರುತ್ತಾನೆ. ಅತ್ತ ವಾಯಿದೆಯಲ್ಲಿ 2,200ಕ್ಕೆ ಮಾರಿದ್ದನ್ನು 1,900ಕ್ಕೆ ಕೊಂಡು ಮುಗಿಸುತ್ತಾನೆ. ಅಲ್ಲಿ 300 ಲಾಭ. ಒಟ್ಟು 2,100. ವಾಯಿದೆ 2,500ಕ್ಕೆ ಏರಿ ಮಂಡಿ 2,400 ಆಗಿದ್ದರೆ? ಅಲ್ಲಿ 300 ಕಳೆದುಕೊಳ್ಳುತ್ತಾನೆ, ಆಗಲೂ 2,100. ದಲ್ಲಾಳಿ ಕಮಿಷನ್ ಬೇರೆ.

ಆದರೆ ಮಂಡಿ 1,800ರ ಬದಲು 1,750 ಆದರೆ ಕೈಗೆ ಬರುವುದು 2,050. ಅಂದರೆ ಬೇಲಿ ಹಾಕಿದ್ದು ಬೆಲೆಗೆ. ಎರಡು ಬೆಲೆಗಳ ನಡುವಿನ ಫರಕು ಬೇಲಿಯ ಹೊರಗೇ ಉಳಿಯಿತು. ಈ ಫರಕಿಗೂ ಒಂದು ಒಳ್ಳೆಯ ಹೆಸರು ಬೇಕು.

ಇನ್ನೊಂದು. ವಾಯಿದೆ ಬೆಲೆ ಏರುತ್ತಾ ಹೋದರೆ ಅಲ್ಲಿನ ನಷ್ಟವನ್ನು ದಿನದಿನವೇ ತುಂಬಬೇಕು. 300 ಏರಿದರೆ 100 ಕ್ವಿಂಟಲ್‌ಗೆ 30,000 ರೂಪಾಯಿ, ಅದೂ ಮಾಲು ಮಾರುವ ಮೊದಲೇ. ನಮ್ಮವರಲ್ಲಿ ಜಾಸ್ತಿ ಜನ ಸೋಲುವುದು ಇಲ್ಲೇ. ದುಡ್ಡು ತುಂಬದಿದ್ದರೆ ಬ್ರೋಕರ್ ವ್ಯವಹಾರ ಮುಚ್ಚಿಬಿಡುತ್ತಾನೆ. ಆಮೇಲೆ ಬೆಲೆ ಬಿದ್ದರೆ ಆಸರೆಯೇ ಇಲ್ಲ. ಮಳೆ ಕೈಕೊಟ್ಟು 60 ಕ್ವಿಂಟಲ್ ಬಂದರೆ ಉಳಿದ 40 ಬರೀ ಸಟ್ಟಾ.

ಹಿರಿಯೂರು ಕಡೆಯಿಂದ

ಪದದ ವಿಷಯ ನನಗೆ ಗೊತ್ತಾಗಲ್ಲ ಅಣ್ಣ. ಹೋದ ಸಲ ನಮ್ಮ ಈರುಳ್ಳಿ ಕೀಳುವ ಕೂಲಿಗೂ ರೇಟು ಸಾಲಲಿಲ್ಲ, ಹೊಲದಲ್ಲೇ ಬಿಟ್ಟೆವು. ಇದರಲ್ಲಿ ಈರುಳ್ಳಿ ಸೇರಿಸಬಹುದಾ?

ಮಂಡಿ ಲೆಕ್ಕದವರು

ಆಗಲ್ಲ ತಂಗಿ, ಈರುಳ್ಳಿಗೆ ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ವಾಯಿದೆಯೇ ಇಲ್ಲ. ಅಮೆರಿಕದಲ್ಲಂತೂ 1958ರಲ್ಲೇ ಕಾನೂನು ಮಾಡಿ ನಿಷೇಧಿಸಿದರು. ಕಡಲೆಗೆ ಇಲ್ಲಿ ಇತ್ತು, 2021ರಲ್ಲಿ ಈ ಮಾರುಕಟ್ಟೆಗಳನ್ನು ನಿಯಂತ್ರಿಸುವ ಸೆಬಿ ನಿಲ್ಲಿಸಿತು. ಮೆಕ್ಕೆಜೋಳದ ವಾಯಿದೆ ಮಾರಿ ಈರುಳ್ಳಿ ಕಾಪಾಡುತ್ತೇನೆ ಎಂದರೆ ಅದು ಪಕ್ಕದವರ ಹೊಲಕ್ಕೆ ಬೇಲಿ ಹಾಕಿದ ಹಾಗೆ.

ದಾವಣಗೆರೆಯಿಂದ, ಹತ್ತಿ ಕಾರ್ಖಾನೆಯಲ್ಲಿದ್ದವರು

ನೀವೆಲ್ಲ ಬೆಲೆ ಬೀಳುವ ಭಯವನ್ನೇ ಹೇಳುತ್ತಿದ್ದೀರಿ. ನನ್ನ ಭಯ ಉಲ್ಟಾ ಇತ್ತು. ಹೊರದೇಶಕ್ಕೆ ಇಷ್ಟು ರೇಟಿಗೆ ಹತ್ತಿ ಕೊಡುತ್ತೇನೆ ಎಂದು ಒಪ್ಪಿದ್ದೆ, ಆದರೆ ಇನ್ನೂ ಕೊಂಡಿರಲಿಲ್ಲ. ಹಾಗಾಗಿ ನಾನು ವಾಯಿದೆಯಲ್ಲಿ ಕೊಳ್ಳುತ್ತಿದ್ದೆ. ಮುಂದೆ ಕೈಗೆ ಬರುವ ಡಾಲರ್‌ಗೆ ಮಾತ್ರ ರೈತನ ಥರಾನೇ, ಮೊದಲೇ ಮಾರಿಡಬೇಕು. ಕೊಳ್ಳುವುದು, ಮಾರುವುದು ಎರಡಕ್ಕೂ ಹೊಂದುವ ಪದ ಬೇಕು. ಕೈಯಲ್ಲಿರುವ ವ್ಯಾಪಾರಕ್ಕೆ ಎದುರಾಗಿ ಇನ್ನೊಂದು ಮಾಡುವುದಲ್ವಾ? ‘ಎದುರು ವ್ಯಾಪಾರ’ ಎನ್ನಿ.

ಪ್ರಶ್ನೆ ಕೇಳಿದ ನಾನು

ಚೆನ್ನಾಗಿದೆ. ‘ಎದುರು ವ್ಯಾಪಾರ’ ಎಂದೇ ಇಟ್ಟು, ‘ಫರಕು’ ಎಂಬುದನ್ನೂ ಹಾಗೇ ಬಿಡುತ್ತೇನೆ.

ಮೇಷ್ಟ್ರು

ಲೆಕ್ಕ ಒಪ್ಪಿದೆ, ಪದ ಒಪ್ಪಲಿಲ್ಲ. ಎದುರು ವ್ಯಾಪಾರ ಎಂದರೆ ನಮ್ಮ ಬೀದಿಯಲ್ಲಿ ಎದುರಂಗಡಿಯವನ ಪೈಪೋಟಿ. ಬೇಲಿಯೇ ಇರಲಿ, ಒಂದು ಕಡೆ ತೂತಿದ್ದರೂ ಬೇಲಿ ಬೇಲಿಯೇ.