ಚಾರಣದ ಚಾನೆಲ್‌ನಲ್ಲಿ ವೀಕ್ಷಣೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಕಾರಣ ಕಂಡುಕೊಳ್ಳುವುದು ಹೇಗೆ?

ನಿಗಡಿಯ ಚಾರಣಿಗ, ಪುಣೆ

ಎಲ್ಲರಿಗೂ ನಮಸ್ಕಾರ. ಸಹ್ಯಾದ್ರಿಯ ಕೋಟೆಗಳು ಮತ್ತು ಜಲಪಾತಗಳಿಗೆ ಹೋಗುವ ಚಾರಣಗಳ ಬಗ್ಗೆ ನಾನು ಕನ್ನಡದಲ್ಲಿ ವಿಡಿಯೊ ಮಾಡುತ್ತೇನೆ. 2025ರ ಜುಲೈ 28ರಿಂದ ಆಗಸ್ಟ್ 24ರವರೆಗೆ ಚಾನೆಲ್‌ಗೆ 1,20,000 ವೀಕ್ಷಣೆಗಳು ಬಂದಿದ್ದವು. ಅದರ ಮುಂದಿನ 28 ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ 21ರವರೆಗೆ, ಬಂದದ್ದು 48,000 ಮಾತ್ರ. ವಾರಕ್ಕೊಂದು ವಿಡಿಯೊ ಹಾಕುವುದನ್ನು ತಪ್ಪಿಸಿಲ್ಲ. ನನಗೆ ಅರ್ಥವಾಗದ ಇನ್ನೊಂದು ಸಂಗತಿಯೆಂದರೆ, ಇದೇ ಅವಧಿಯಲ್ಲಿ ಥಂಬ್‌ನೇಲ್‌ ಮೇಲಿನ ಕ್ಲಿಕ್ ಪ್ರಮಾಣ ಶೇ 3.8ರಿಂದ ಶೇ 5.4ಕ್ಕೆ ಏರಿದೆ. ಹಳೆಯ ವಿಡಿಯೊಗಳ ಥಂಬ್‌ನೇಲ್ ಮತ್ತು ಶೀರ್ಷಿಕೆಗಳನ್ನೆಲ್ಲ ಬದಲಿಸಬೇಕೆಂದುಕೊಂಡಿದ್ದೇನೆ. ಅದು ಸರಿಯೇ?

ಹಡಪ್ಸರದ ಓದುಗ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲವೆಂದು ನನಗನಿಸುತ್ತದೆ. ಅಂಧಾರಬನ, ದೇವಕುಂಡದಂಥ ಜಾಗಗಳನ್ನು ಜನ ಹುಡುಕುವುದೇ ಜೂನ್‌ನಿಂದ ಆಗಸ್ಟ್‌ವರೆಗೆ. ಮೇಲಾಗಿ ಈ ವರ್ಷ ಆಗಸ್ಟ್ 27ರಂದೇ ಗಣೇಶ ಚತುರ್ಥಿ ಬಂದಿತ್ತು. ಆ ಹತ್ತು ದಿನ ಪುಣೆಯಲ್ಲಿ ಚಾರಣದ ಮಾತನ್ನು ಯಾರು ಆಡುತ್ತಾರೆ? ಮುಂದಿನ ಮಳೆಗಾಲಕ್ಕೆ ವೀಕ್ಷಣೆ ತಾನಾಗಿಯೇ ಏರುತ್ತದೆ.

ವಾಸ್ಕೋ ಅಡುಗೆಮನೆ, ಗೋವಾ

ನನ್ನ ಅಡುಗೆಯ ಶಾರ್ಟ್ಸ್‌ಗಳಲ್ಲೂ ಈ ವರ್ಷ ಅಂಕಿಗಳು ವಿಚಿತ್ರವಾಗಿ ನಡೆದುಕೊಂಡಿವೆ. ಏಪ್ರಿಲ್‌ನಲ್ಲಿ ಒಮ್ಮೆಲೇ ಏರಿದವು, ಆದರೆ ಆದಾಯ ಏರಲಿಲ್ಲ. ಯೂಟ್ಯೂಬ್ ಎಣಿಕೆಯ ಕ್ರಮವನ್ನೇ ಬದಲಿಸಿತೆಂದು ಆಮೇಲೆ ತಿಳಿಯಿತು. ಹೆಚ್ಚಾಗಿ ಎಣಿಸಿದ್ದನ್ನು ಈಗ ಸರಿಪಡಿಸುತ್ತಿರುವುದರಿಂದ ನಿಮ್ಮ ಸಂಖ್ಯೆ ಇಳಿದಿರಬಹುದೇ?

ಮಾಟುಂಗಾ ಲೆಕ್ಕಿಗ, ಮುಂಬೈ

ವಾಸ್ಕೋದ ಮೇಡಂ ಹೇಳಿದ ಬದಲಾವಣೆ ನಿಜವಾದದ್ದೇ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಒಂದು ಸಲ ಓಡಲು ಶುರುವಾದರೆ ಸಾಕು, ಎಷ್ಟು ಹೊತ್ತು ನೋಡಿದರೆಂಬುದನ್ನು ಲೆಕ್ಕಿಸದೆ ಅದನ್ನು ಒಂದು ವೀಕ್ಷಣೆಯೆಂದು ಎಣಿಸುತ್ತಾರೆ. ಆದರೆ ಅದು ಶಾರ್ಟ್ಸ್‌ಗೆ ಮಾತ್ರ ಅನ್ವಯಿಸುತ್ತದೆ. ನಿಗಡಿಯವರ ಉದ್ದನೆಯ ವಿಡಿಯೊಗಳಿಗೂ ಅದಕ್ಕೂ ಸಂಬಂಧವಿಲ್ಲ. ಅವರು ನೋಡಬೇಕಾದ ಬದಲಾವಣೆ ಬೇರೆ. 2025ರ ಆಗಸ್ಟ್ ಮಧ್ಯಭಾಗದಿಂದ ಅನೇಕ ಚಾನೆಲ್‌ಗಳಲ್ಲಿ ಕಂಪ್ಯೂಟರ್‌ನಿಂದ ಬರುವ ವೀಕ್ಷಣೆಗಳು ಕಡಿಮೆಯಾಗಿ ಕಾಣಿಸತೊಡಗಿದವು. ಜಾಹೀರಾತು ತಡೆಯುವ ಸಾಧನ ಬಳಸುವವರ ವೀಕ್ಷಣೆ ಸರಿಯಾಗಿ ಎಣಿಕೆಗೆ ಸಿಗದಿರಬಹುದೆಂದು ಯೂಟ್ಯೂಬ್ ಕೂಡ ತಿಳಿಸಿತು. ಅಂಥ ಕುಸಿತದಲ್ಲಿ ಕಂಪ್ಯೂಟರ್‌ನ ಗೆರೆ ಮಾತ್ರ ಬೀಳುತ್ತದೆ, ಮೊಬೈಲ್‌ನ ಗೆರೆ ಇದ್ದಲ್ಲೇ ಇರುತ್ತದೆ, ಲೈಕ್ ಮತ್ತು ಆದಾಯ ಅಷ್ಟೇನೂ ಕದಲುವುದಿಲ್ಲ.

ಆದ್ದರಿಂದ ಸದ್ಯಕ್ಕೆ ಯಾವ ಥಂಬ್‌ನೇಲನ್ನೂ ಮುಟ್ಟಬೇಡಿ. ಈಗ ಬದಲಿಸಿದರೆ ಮುಂದೆ ಆಗುವ ಏರಿಳಿತ ಯಾವುದರಿಂದ ಆಯಿತೆಂದು ಹೇಳಲು ಬರುವುದಿಲ್ಲ. ಅನಾಲಿಟಿಕ್ಸ್‌ನ Advanced mode ತೆರೆದು, ಈ ಎರಡು ಅವಧಿಗಳನ್ನು ಪಕ್ಕಪಕ್ಕದಲ್ಲಿಟ್ಟು, Traffic source ಪ್ರಕಾರ ಅಂಕಿಗಳನ್ನು ಕೊಡಿ, ಜೊತೆಗೆ Device type ಕೂಡ ಕೊಡಿ. ಹುಡುಕಾಟದಿಂದ ಬಂದ ವೀಕ್ಷಣೆಗಳ ಮಟ್ಟಿಗೆ 2024ರ ಇದೇ ತಾರೀಖುಗಳ ಅಂಕಿಯೂ ಬೇಕು, ಏಕೆಂದರೆ ಋತುವಿನ ಪ್ರಭಾವವನ್ನು ಹಿಂದಿನ ತಿಂಗಳಿಗೆ ಹೋಲಿಸಿ ಅಳೆಯಲಾಗದು, ಹಿಂದಿನ ವರ್ಷಕ್ಕೇ ಹೋಲಿಸಬೇಕು.

ನಿಗಡಿಯ ಚಾರಣಿಗ

ಅಂಕಿಗಳು ಹೀಗಿವೆ. Suggested videos 50,000ದಿಂದ 6,000ಕ್ಕೆ ಇಳಿದಿದೆ. YouTube search 40,000 ಇದ್ದದ್ದು 22,000 ಆಗಿದೆ. ಕಳೆದ ವರ್ಷ ಇದೇ ತಾರೀಖುಗಳಲ್ಲಿ ಅದು 31,000ದಿಂದ 17,000ಕ್ಕೆ ಇಳಿದಿತ್ತು. Browse features 18,000ದಿಂದ 13,000ಕ್ಕೆ ಬಂದಿದೆ, ಉಳಿದವೆಲ್ಲ ಸೇರಿ 12,000 ಇದ್ದದ್ದು 7,000 ಆಗಿದೆ. ಮೊದಲ ಅವಧಿಯಲ್ಲೂ ಕಂಪ್ಯೂಟರ್‌ನ ಪಾಲು ಶೇ 9 ಮಾತ್ರ ಇತ್ತು; ನನ್ನ ವೀಕ್ಷಕರು ಬಹುತೇಕ ಮೊಬೈಲ್‌ನವರು.

ಮಾಟುಂಗಾ ಲೆಕ್ಕಿಗ

ಹಾಗಾದರೆ ಕಂಪ್ಯೂಟರ್‌ನ ಎಣಿಕೆಯನ್ನು ಬದಿಗಿಡೋಣ. ಅದು ಪೂರ್ತಿ ಮಾಯವಾಗಿದ್ದರೂ 11,000 ವೀಕ್ಷಣೆಗಳಷ್ಟೇ ಹೋಗುತ್ತಿದ್ದವು, ನೀವು ಕಳೆದುಕೊಂಡದ್ದು 72,000. ಹುಡುಕಾಟದ ಇಳಿಕೆ ಎರಡೂ ವರ್ಷ ಹೆಚ್ಚುಕಡಿಮೆ ಶೇ 45 ಆಗಿದೆ; ಈ ಮಟ್ಟಿಗೆ ಹಡಪ್ಸರದವರ ಮಾತು ಸಂಪೂರ್ಣ ಸರಿ, ಇದು ಮಳೆಗಾಲ ಮುಗಿಯುತ್ತಿರುವುದರ ಲಕ್ಷಣ. ಹಬ್ಬಗಳು ತಿಥಿಯ ಪ್ರಕಾರ ಬರುವುದರಿಂದ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಎಚ್ಚರ ಬೇಕು, ಆದರೆ 2024ರ ಸೆಪ್ಟೆಂಬರ್ 7ರಿಂದ 17ರವರೆಗಿನ ಗಣೇಶೋತ್ಸವವೂ ನಿಮ್ಮ ಎರಡನೆಯ ಅವಧಿಯೊಳಗೇ ಬರುವುದರಿಂದ ಈ ಹೋಲಿಕೆ ನಿಲ್ಲುತ್ತದೆ.

ಆದರೆ ನಷ್ಟದಲ್ಲಿ ದೊಡ್ಡ ಪಾಲು, ಅಂದರೆ 44,000, Suggested videos ಒಂದರಿಂದಲೇ ಬಂದಿದೆ. ಋತು ಬದಲಾದರೆ ಒಂದು ಮೂಲ ಹೀಗೆ ಎಂಟನೇ ಒಂದು ಭಾಗಕ್ಕೆ ಕುಸಿಯುವುದಿಲ್ಲ. ಆ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಯಾವ ಯಾವ ವಿಡಿಯೊದ ಪಕ್ಕದಿಂದ ವೀಕ್ಷಕರು ಬಂದರೆಂಬ ಪಟ್ಟಿ ತೆರೆದುಕೊಳ್ಳುತ್ತದೆ. ಅದರ ಮೊದಲ ಸಾಲಿನಲ್ಲಿ ಏನಿದೆ, ನೋಡಿ ಹೇಳಿ.

ನಿಗಡಿಯ ಚಾರಣಿಗ

ಈಗ ನೋಡಿದೆ. ಮೊದಲ ಅವಧಿಯಲ್ಲಿ 38,000 ವೀಕ್ಷಣೆಗಳು ಅಂಧಾರಬನದ ಬಗ್ಗೆ ಬೇರೊಂದು ದೊಡ್ಡ ಚಾನೆಲ್ ಹಾಕಿದ್ದ ಒಂದೇ ವಿಡಿಯೊದ ಪಕ್ಕದಿಂದ ಬಂದಿವೆ. ಎರಡನೆಯ ಅವಧಿಯಲ್ಲಿ ಅಲ್ಲಿಂದ ಬಂದದ್ದು 1,000ಕ್ಕಿಂತ ಕಡಿಮೆ.

ಮಾಟುಂಗಾ ಲೆಕ್ಕಿಗ

ದೊಡ್ಡ ಕಾರಣ ಅದೇ. ಆ ವಿಡಿಯೊ ಜೋರಾಗಿ ಓಡುತ್ತಿದ್ದಾಗ ಅದರ ಪಕ್ಕದಲ್ಲಿ ನಿಮ್ಮದು ಕಾಣಿಸುತ್ತಿತ್ತು. ಅದರ ಓಟ ನಿಂತಾಗ ನಿಮ್ಮದೂ ನಿಂತಿತು. ಹೀಗಾಗಿ ನಿಮ್ಮ ನಿಜವಾದ ಆಗಸ್ಟ್ 1,20,000 ಅಲ್ಲ, ಸುಮಾರು 82,000.

ಕ್ಲಿಕ್ ಪ್ರಮಾಣ ಏರಿದ್ದಕ್ಕೂ ವಿವರಣೆ ಇಲ್ಲೇ ಇದೆ. ನಿಮ್ಮ ಪರಿಚಯವೇ ಇಲ್ಲದ ಸಾವಿರಾರು ಜನರಿಗೆ ಥಂಬ್‌ನೇಲ್ ತೋರಿಸುತ್ತಿದ್ದಾಗ ಅವರಲ್ಲಿ ಕ್ಲಿಕ್ ಮಾಡುವವರು ವಿರಳ, ಆದ್ದರಿಂದ ಇಂಪ್ರೆಷನ್ ಹೆಚ್ಚಾದಂತೆ ಪ್ರಮಾಣ ಕೆಳಗಿತ್ತು. ಈಗ ಅವರು ಹೋಗಿ ನಿಮ್ಮನ್ನು ಬಲ್ಲವರು ಉಳಿದಿರುವುದರಿಂದ ಅದು ಮೇಲೆ ಬಂದಿದೆ. ಥಂಬ್‌ನೇಲ್ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಈ ಏರಿಕೆ ಸಾಕ್ಷಿಯಲ್ಲ.

ನನಗೆ ಕಳವಳ ಹುಟ್ಟಿಸುವುದು ಚಿಕ್ಕದಾಗಿ ಕಾಣುವ ಆ 5,000, ಅಂದರೆ Browse features ಇಳಿಕೆ. ನಿಮ್ಮ ಹಳೆಯ ವೀಕ್ಷಕರ ಮುಖಪುಟದಲ್ಲಿ ನೀವು ಹಿಂದೆ ಸರಿಯುತ್ತಿದ್ದೀರೋ ಎಂಬುದು ಹೆಚ್ಚಾಗಿ ಅಲ್ಲಿ ತಿಳಿಯುತ್ತದೆ. ಇತ್ತೀಚಿನ ವಿಡಿಯೊಗಳ ಒಟ್ಟು ವೀಕ್ಷಣೆ ಬೇಡ, ಹಳೆಯದಕ್ಕೆ ಹೆಚ್ಚು ದಿನ ಸಿಕ್ಕಿರುತ್ತದೆ. ಪ್ರತಿಯೊಂದರ ಮೊದಲ ಏಳು ದಿನಗಳ ಅಂಕಿಯನ್ನು ಮಾತ್ರ ಕೊಡಿ.

ನಿಗಡಿಯ ಚಾರಣಿಗ

ರಾಜಗಡ 3,900, ತೋರಣಾ 3,400, ಲೋಹಗಡ 2,700, ತಿಕೋನಾ 2,100. ಕೊನೆಯದಾಗಿ ಹಾಕಿದ ಕಾಸ್ ಪ್ರಸ್ಥಭೂಮಿಯ ಹೂಗಳ ವಿಡಿಯೊಗೆ ಮಾತ್ರ 3,600 ಬಂದಿದೆ.

ಮಾಟುಂಗಾ ಲೆಕ್ಕಿಗ

ನಾಲ್ಕು ಕೋಟೆಗಳು ಸಾಲಾಗಿ ಇಳಿದು, ಕೋಟೆಯಲ್ಲದ ಐದನೆಯದು ಮೇಲೆದ್ದಿದೆ. ಚಾನೆಲ್ ಮೇಲಿನ ಆಸಕ್ತಿ ಕುಂದಿದ್ದರೆ ಕಾಸ್ ಕೂಡ ಬೀಳಬೇಕಿತ್ತು. ವೀಕ್ಷಕರಿಗೆ ಸಾಕಾಗಿರುವುದು ಒಂದೇ ಬಗೆಯಲ್ಲಿ ಹೇಳಿದ ಕೋಟೆಯ ವಿಷಯವೆಂದು ನಾನು ಓದುತ್ತೇನೆ.

ಹಡಪ್ಸರದ ಓದುಗ

ಇದನ್ನು ನಾನು ಒಪ್ಪುವುದಿಲ್ಲ. ತಿಕೋನಾದ ವಿಡಿಯೊ ಬಂದದ್ದು ಗಣೇಶೋತ್ಸವದ ನಡುವೆ, ಕಾಸ್ ಬಂದದ್ದು ಅಲ್ಲಿ ಹೂ ಅರಳುವ ಸೆಪ್ಟೆಂಬರ್‌ನಲ್ಲಿ. ಇಲ್ಲಿಯೂ ಕೆಲಸ ಮಾಡಿರುವುದು ಋತುವೇ ಇರಬಹುದು.

ಮಾಟುಂಗಾ ಲೆಕ್ಕಿಗ

ತಿಕೋನಾಗೆ ಅದು ಹೊಂದುತ್ತದೆ, ಅದಕ್ಕೂ ಮುಂಚೆ ಬಂದ ಲೋಹಗಡದ ಇಳಿಕೆಗೆ ಹೊಂದುವುದಿಲ್ಲ. ಆದರೂ ಐದು ವಿಡಿಯೊಗಳಿಂದ ಇದನ್ನು ತೀರ್ಮಾನಿಸಲಾಗದು. ನಿಗಡಿಯವರು ಅಕ್ಟೋಬರ್‌ನಲ್ಲಿ ಒಂದು ಕೋಟೆಯನ್ನೂ, ಕೋಟೆಯಲ್ಲದ ಒಂದು ದಾರಿಯನ್ನೂ ಒಂದೇ ವಾರದ ಅಂತರದಲ್ಲಿ ಹಾಕಿ, ಎರಡರ ಮೊದಲ ಏಳು ದಿನಗಳಲ್ಲಿ Browse features ಮಾತ್ರ ಹೋಲಿಸಲಿ. ಕೊನೆಯ ಎರಡು ದಿನಗಳ ಅಂಕಿ ಪೂರ್ತಿ ಬಂದಿರುವುದಿಲ್ಲವಾದ್ದರಿಂದ ಹತ್ತನೆಯ ದಿನ ನೋಡಿದರೆ ಒಳ್ಳೆಯದು.

ಹಡಪ್ಸರದ ಓದುಗ

ಹಾಗಿದ್ದರೆ ದೀಪಾವಳಿಗೆ ಸಾಕಷ್ಟು ಮೊದಲೇ ಮುಗಿಸಿ. ಆ ಹೊತ್ತಿಗೆ ಇಲ್ಲಿ ಮನೆಮನೆಯ ಮುಂದೆ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ, ಮಾದರಿಗಾಗಿ ರಾಜಗಡ, ಪ್ರತಾಪಗಡಗಳ ವಿಡಿಯೊ ಹುಡುಕುತ್ತಾರೆ.

ನಿಗಡಿಯ ಚಾರಣಿಗ

ನನ್ನ ವೀಕ್ಷಕರಲ್ಲಿ ಪುಣೆ, ಮುಂಬೈಯವರಿಗಿಂತ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರೇ ಹೆಚ್ಚು. ಅವರ ಮೇಲೆ ಅದರ ಪರಿಣಾಮ ಎಷ್ಟಿರುತ್ತದೋ ಹೇಳಲಾರೆ. ಆದರೂ ಎರಡನ್ನೂ ಅಕ್ಟೋಬರ್ ಮೊದಲ ಹತ್ತು ದಿನಗಳೊಳಗೆ ಹಾಕುತ್ತೇನೆ, ಥಂಬ್‌ನೇಲ್‌ಗಳನ್ನು ಮುಟ್ಟುವುದಿಲ್ಲ, ಅಂಕಿಗಳನ್ನು ಇದೇ ಚರ್ಚೆಯಲ್ಲಿ ತಿಳಿಸುತ್ತೇನೆ.