ಪದಚರ್ಚೆ: ಹಳೇ ಸೈನ್ಯದ ದಾಖಲೆಯಲ್ಲಿ ‘ಸ್ಟ್ರಕ್ ಆಫ್ ಸ್ಟ್ರೆಂತ್’ ಅಂದ್ರೆ ವಜಾನಾ?

ಎಲ್ರಿಗೂ ನಮಸ್ಕಾರ. ನಮ್ಮ ಮುತ್ತಜ್ಜ ಬೆಂಗಳೂರಿನ ಸ್ಯಾಪರ್ಸ್‌ನಲ್ಲಿ, ಅಂದ್ರೆ ಸೈನ್ಯದ ಇಂಜಿನಿಯರ್ ದಳದಲ್ಲಿದ್ರು, ಜಮೇದಾರ್ ಆಗಿ ಪೆನ್ಷನ್ ತಗೊಂಡ್ರು ಅಂತ ಮನೇಲಿ ಎಲ್ರೂ ಹೇಳ್ತಾರೆ. ಈಗ ಊರಿನವರು ಒಂದು ಪುಸ್ತಕ ಮಾಡ್ತಿದ್ದಾರೆ, ಅದರ ಕರಡಲ್ಲಿ ‘1917ರಲ್ಲಿ ಸೇನೆಯಿಂದ ವಜಾ’ ಅಂತ ಬರೆದುಬಿಟ್ಟಿದ್ದಾರೆ, ಅಜ್ಜಿ ಅದನ್ನ ಓದಿಸ್ಕೊಂಡು ಅವತ್ತಿಂದ ಊಟಾನೇ ಸರಿಯಾಗಿ ಮಾಡ್ತಿಲ್ಲ. ನನ್ನ ಹತ್ರ ಇರೋದು ಅವರ ಸೇವಾ ವಿವರ ಬರೆದಿರೋ ಶೀಟ್ ರೋಲ್‌ನ ಒಂದು ಪುಟ, ಮಸ್ಟರ್ ರೋಲ್‌ನ ಎರಡು ಹಾಳೆ, ಒಂದು ಪದಕ, ಒಂದು ಪೆನ್ಷನ್ ಕಾಗದ. ಶೀಟ್ ರೋಲ್‌ನಲ್ಲಿ ಸೇರಿದ್ದು 4-2-08 ಅಂತಿದೆ. ಮೇ 1917ರ ಮಸ್ಟರ್‌ನಲ್ಲಿ 13ನೇ ಕಂಪನಿ ಕೆಳಗೆ ಅವರ ನಂಬರ್, ಹವಿಲ್ದಾರ್, ಹೆಸರು, ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಎಸ್.ಒ.ಎಸ್. 31-5-17’. ಜೂನ್ ಹಾಳೆ ಡಿಪೋದ್ದು, ಅದರಲ್ಲಿ ಅದೇ ಹೆಸರು ಮೇಲ್ಗಡೆ ಬೇರೆ ಗುಂಪಲ್ಲಿದೆ, ಆದ್ರೆ ನಂಬರ್ ಜಾಗ ಖಾಲಿ, ಹಾಗಾಗಿ ಅದು ಬೇರೆಯವರು ಅಂತಾರೆ ಪುಸ್ತಕದವರು. ರೆಜಿಮೆಂಟ್ ಹೆಸರೂ ಒಂದೊಂದು ಕಡೆ ಒಂದೊಂದು ಥರ. ಇದನ್ನೆಲ್ಲ ಕನ್ನಡದಲ್ಲಿ ಸರಿಯಾಗಿ ಏನಂತ ಬರೀಬೇಕು?
— ಶೈಲಜಾ

ಶೈಲಜಾ ಅವರೇ, ಎಸ್.ಒ.ಎಸ್. ಅಂದ್ರ ಸ್ಟ್ರಕ್ ಆಫ್ ಸ್ಟ್ರೆಂತ್ ನೋಡ್ರಿ, ಪಟ್ಟಿಯಿಂದ ಹೆಸರು ಹೊಡೆದು ಹಾಕಿದ್ದು. ಅದು ಖರೇ. ಹಂಗಾಗಿ ನೌಕರಿ ಅಲ್ಲಿಗೆ ಮುಗೀತು ಅಂತ ಅವರು ಬರೆದದ್ದು ಅಷ್ಟೇನೂ ತಪ್ಪಲ್ಲ, ವಜಾ ಅನ್ನೂದು ಮಾತ್ರ ಜಾಸ್ತಿ ಆತು, ‘ಬಿಡುಗಡೆ’ ಅನ್ನಬಹುದು. ಇನ್ನ ಜಮಾದಾರ ಅಂದ್ರ ನಮ್ಮ ಕಡೆ ಕಚೇರಿಯೊಳಗೂ ಇದ್ರು, ಪೊಲೀಸ್‌ನೊಳಗೂ ಇದ್ರು. ಸೈನ್ಯ ಬಿಟ್ಟ ಮ್ಯಾಲೆ ನಿಮ್ಮ ಮುತ್ತಜ್ಜ ಕಚೇರಿ ಜಮಾದಾರ ಆಗಿರಬೇಕು, ಪೆನ್ಷನ್ ಅಲ್ಲಿಂದ ಬಂದಿರಬೇಕು ಅಂತ ನನಗನಸ್ತದ.
— ಬಸವರಾಜ, ಧಾರವಾಡ

ನಂದೂ ಇದೇ ಥರ ಕಥೆ. ನಮ್ಮ ತಾತನ ಅಣ್ಣ ಮೈಸೂರು ಲ್ಯಾನ್ಸರ್ಸ್‌ನಲ್ಲಿ ರಿಸಾಲ್ದಾರ್, 1918 ಸೆಪ್ಟೆಂಬರ್ 23ರ ಹೈಫಾ ಲಡಾಯಿಲಿ ಇದ್ರು ಅಂತಾರೆ. ಇಂಡಿಯನ್ ಆರ್ಮಿ ರೆಕಾರ್ಡಲ್ಲಿ ಹುಡುಕಿಸಿದ್ರೆ ಹೆಸರೇ ಇಲ್ಲ ಅಂತ ಬಂತು. ಮಸ್ಟರ್ ರೋಲ್ ಎಲ್ಲಿ ಸಿಗುತ್ತೆ ಅಂತ ಯಾರಾದ್ರೂ ಹೇಳ್ತೀರಾ?
— ಪ್ರಸನ್ನ, ಮೈಸೂರು

ನಾನು ಸೈನ್ಯದ ದಾಖಲೆ ವಿಭಾಗದಲ್ಲಿ ಗುಮಾಸ್ತನಾಗಿದ್ದವನು, ಇಂಥ ಹಾಳೆಗಳನ್ನ ನೋಡ್ತಾನೇ ರಿಟೈರ್ ಆದೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

ಶೈಲಜಾ ಅಮ್ಮ, ಮೊದಲು ಅಜ್ಜಿಗೆ ಹೇಳಿ, ವಜಾ ಆಗಿಲ್ಲ. ಮಸ್ಟರ್ ರೋಲ್ ಅನ್ನೋದು ಕಂಪನಿ ಲೆಕ್ಕ, ಮನುಷ್ಯನ ಲೆಕ್ಕ ಅಲ್ಲ. ಈ ತಿಂಗಳು ಈ ಕಂಪನೀಲಿ ಯಾರ‍್ಯಾರಿದ್ರು, ಯಾರಿಗೆ ಸಂಬಳ ಕೊಡಬೇಕು ಅಷ್ಟೇ ಅದಕ್ಕೆ ಬೇಕಾಗಿರೋದು. ಒಬ್ಬ ಬೇರೆ ಕಂಪನಿಗೆ ಹೋದ್ರೂ, ಆಸ್ಪತ್ರೆ ಸೇರಿ ಬಹಳ ದಿನ ಆದ್ರೂ, ಸತ್ರೂ, ಮನೆಗೆ ಹೋದ್ರೂ ಆ ಕಂಪನಿ ಪಟ್ಟಿಯಿಂದ ಎಸ್.ಒ.ಎಸ್. ಅಂತಾನೇ ಹೊಡೀತಾರೆ. ಹಾಗಾಗಿ ಎಸ್.ಒ.ಎಸ್. ಕಂಡ ತಕ್ಷಣ ಹುಡುಕಬೇಕಾಗಿರೋದು ಅದರ ಜೋಡಿ, ‘ಟಿ.ಒ.ಎಸ್.’, ಅಂದ್ರೆ ಇನ್ನೊಂದು ಪಟ್ಟಿಗೆ ತಗೊಂಡ್ರು ಅಂತ. ನಿಮ್ಮ ಶೀಟ್ ರೋಲ್‌ನಲ್ಲಿ 1-6-17ರ ಎದುರು ಏನಿದೆ ನೋಡಿ. ಮೇ 31ಕ್ಕೆ ಒಂದು ಕಡೆ ಹೊಡೆದು ಜೂನ್ 1ಕ್ಕೆ ಡಿಪೋದಲ್ಲಿ ಸೇರಿಸಿದ್ರೆ ಮಧ್ಯೆ ಒಂದು ದಿನಾನೂ ಬಿಟ್ಟಿಲ್ಲ, ಅದು ವರ್ಗ.

ನಂಬರ್ ಖಾಲಿ ಇರೋದು ಸಂದೇಹಕ್ಕೆ ಕಾರಣ ಅಲ್ಲ, ಅದೇ ನಿಮಗೆ ಸಾಕ್ಷಿ. ರೆಜಿಮೆಂಟಲ್ ನಂಬರ್ ಇರ‍್ತಿದ್ದಿದ್ದು ಸ್ಯಾಪರ್‌ನಿಂದ ಹವಿಲ್ದಾರ್‌ವರೆಗೆ. ಜಮೇದಾರ್ ಅಂದ್ರೆ ವೈಸರಾಯ್ ಕಮಿಷನ್, ಅಂದ್ರೆ ವೈಸರಾಯ್ ಹೆಸರಲ್ಲಿ ಕೊಡೋ ಆಫೀಸರ್ ನೇಮಕ, ಅದು ಸಿಕ್ಕ ಮೇಲೆ ಆ ಕಾಲದ ಹಾಳೆಗಳಲ್ಲಿ ಸಾಮಾನ್ಯವಾಗಿ ನಂಬರ್ ಹಾಕ್ತಿರ‍್ಲಿಲ್ಲ, ಹೆಸರು ಮೇಲೆ ಆಫೀಸರ್‌ಗಳ ಗುಂಪಿಗೆ ಹೋಗ್ತಿತ್ತು. ನೀವು ಹೇಳಿರೋದು ಸರಿಯಾಗಿ ಹಾಗೇ ಇದೆ. ಆದ್ರೂ ಒಂದೇ ಹೆಸರಿನವರು ಇಬ್ಬರು ಇರಬಹುದು, ಬರೀ ಹೆಸರು ನಂಬಬೇಡಿ. ಶೀಟ್ ರೋಲ್‌ನಲ್ಲಿ ತಂದೆ ಹೆಸರು, ಊರು, ತಾಲ್ಲೂಕು, ಮೈಮೇಲಿನ ಗುರುತು ಬರೆದಿರ‍್ತಾರೆ, ಪೆನ್ಷನ್ ಕಾಗದದಲ್ಲೂ ಇರುತ್ತೆ, ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ.

ಬಸವರಾಜ ಅವರು ಹೇಳಿದ ಕಚೇರಿ ಜಮಾದಾರ್ ಇದ್ದಿದ್ದು ನಿಜ, ಆದ್ರೆ ಪೆನ್ಷನ್ ಕಾಗದದ ತಲೆ ಮೇಲೆ ಯಾವ ಇಲಾಖೆ ಅಂತ ಇದ್ದೇ ಇರುತ್ತೆ, ಅಲ್ಲಿಗೆ ಆ ಪ್ರಶ್ನೆ ಮುಗೀತು.

ಇನ್ನು ಆಫೀಸರ್ ವಿಷಯಕ್ಕೆ ‘ಸೇರಿದ ದಿನ’ ಅಂತ ಒಂದೇ ಹುಡುಕಬೇಡಿ. ಬ್ರಿಟಿಷ್ ಆಫೀಸರ್ ನೇರ ಕಮಿಷನ್ ತಗೊಂಡು ಬರ‍್ತಿದ್ದ, ಅವನಿಗೆ ಎನ್‌ಲಿಸ್ಟ್‌ಮೆಂಟೂ ಇಲ್ಲ ಡಿಸ್ಚಾರ್ಜೂ ಇಲ್ಲ. ನಮ್ಮ ಜಮೇದಾರ್ ಸುಬೇದಾರರು ಬಹುಪಾಲು ಕೆಳಗಿಂದ ಮೇಲೆ ಬಂದವರು, ಅವರಿಗೆ ಎರಡು ತಾರೀಖು, ಸಿಪಾಯಿಯಾಗಿ ಸೇರಿದ್ದು ಒಂದು, ಕಮಿಷನ್ ಸಿಕ್ಕಿದ್ದು ಒಂದು. ಮುಗಿಯೋದೂ ಡಿಸ್ಚಾರ್ಜ್ ಅಂತ ಅಲ್ಲ, ‘ಪೆನ್ಷನ್ ಎಸ್ಟಾಬ್ಲಿಷ್‌ಮೆಂಟ್‌ಗೆ ವರ್ಗ’ ಅಂತ ಬರೀತಿದ್ರು. ನಿಮ್ಮ ಕೊನೇ ಸಾಲು ಹಾಗಿದ್ರೆ ‘ನಿವೃತ್ತಿ’ ಅಂತ ಧೈರ್ಯವಾಗಿ ಬರೀರಿ. ವಜಾ ಅನ್ನೋದು ಡಿಸ್‌ಮಿಸಲ್‌ಗೆ ಮಾತ್ರ. ಅವಧಿ ಮುಗಿದು ಅಥವಾ ತಾನೇ ಕೇಳ್ಕೊಂಡು ಹೋದವನಿಗೂ ಡಿಸ್ಚಾರ್ಜ್ ಅಂತಾರೆ, ಅದರಲ್ಲಿ ಕಳಂಕ ಇಲ್ಲ.

ರೆಜಿಮೆಂಟ್ ಹೆಸರಿನ ಬಗ್ಗೆ: 1903ರಿಂದ ಸೆಕೆಂಡ್ ಕ್ವೀನ್ಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, 1911ರಿಂದ ಕ್ವೀನ್ ವಿಕ್ಟೋರಿಯಾಸ್ ಓನ್, 1923ರಲ್ಲಿ ‘2’ ಹೋಗಿ ಮದ್ರಾಸ್ ಅನ್ನೋದು ಬಂತು. ಮೂರು ಹೆಸರು, ದಳ ಒಂದೇ, ಹಲಸೂರಿನದ್ದೇ. 1908ರ ಕಾಗದದಲ್ಲಿ ‘ವಿಕ್ಟೋರಿಯಾಸ್’ ಅಂತ ಇದ್ರೆ ಮಾತ್ರ ಅನುಮಾನ ಪಡಿ, ಅದು ಆಮೇಲೆ ಬರೆದ ನಕಲು.

ಪ್ರಸನ್ನ ಅವರೇ, ಲ್ಯಾನ್ಸರ್ಸ್ ಸಂಸ್ಥಾನದ ದಂಡು, ಸಂಬಳ ಮೈಸೂರು ಸರ್ಕಾರದ್ದು. ಇಂಡಿಯನ್ ಆರ್ಮಿ ಕಡತದಲ್ಲಿ ಇಲ್ಲ ಅಂದ್ರೆ ಅವರು ಇರಲೇ ಇಲ್ಲ ಅಂತಲ್ಲ, ರಾಜ್ಯ ಪತ್ರಾಗಾರದಲ್ಲಿ ಮೈಸೂರು ಮಿಲಿಟರಿ ಇಲಾಖೆ ಕಡತ ಕೇಳಿ.
— ವೆಂಕಟಾಚಲ

ವೆಂಕಟಾಚಲ ಸರ್, ತುಂಬಾ ಉಪಕಾರ ಆಯ್ತು. ನೋಡಿದೆ, ‘ಟಿ.ಒ.ಎಸ್. ಡಿಪೋ 1-6-17’ ಅಂತಾನೇ ಇದೆ. ಕೊನೇ ಸಾಲು 1932ರದ್ದು, ಪೆನ್ಷನ್ ಎಸ್ಟಾಬ್ಲಿಷ್‌ಮೆಂಟ್ ಅಂತ ಓದಕ್ಕೆ ಬರುತ್ತೆ. ತಂದೆ ಹೆಸರು, ಊರು, ಎಡಗೈ ಮೊಣಕೈ ಹತ್ರದ ಮಚ್ಚೆ ಎರಡೂ ಕಾಗದದಲ್ಲಿ ಒಂದೇ. ಒಂದು ಮಾತ್ರ ಉಳೀತು, ಜೂನ್ ಮಸ್ಟರ್‌ನಲ್ಲಿ ಜಮೇದಾರ್ ಅನ್ನೋದರ ಹಿಂದೆ ಒಂದು ಸಣ್ಣ ಅಕ್ಷರ ಇದೆ, ಶಾಯಿ ಹರಡಿದೆ. ಆಕ್ಟಿಂಗ್ ಇರಬಹುದಾ? ಹಾಗಾದ್ರೆ ಕಮಿಷನ್ ತಾರೀಖು 1-6-17 ಅಂತ ಬರೀಬಹುದಾ?
— ಶೈಲಜಾ

ಬರೀಬೇಡಿ. ಆಕ್ಟಿಂಗ್ ಆಗಿದ್ರೆ ಪಕ್ಕಾ ಆಗಿದ್ದು ಇನ್ನೊಂದು ದಿನ. ಇಂಡಿಯನ್ ಆರ್ಮಿ ಲಿಸ್ಟ್‌ನಲ್ಲಿ ಯೂನಿಟ್ ಹೆಸರಿನ ಕೆಳಗೆ ಜಮೇದಾರರ ಹೆಸರೂ ರ‍್ಯಾಂಕ್ ಸಿಕ್ಕ ದಿನವೂ ಅಚ್ಚಾಗ್ತಿತ್ತು, ಹಳೇ ಸಂಪುಟಗಳನ್ನ ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯವರು ನೆಟ್‌ಗೆ ಹಾಕಿದ್ದಾರೆ. 1918ರ ಸಂಪುಟದಿಂದ ನೋಡಿ, ಅಚ್ಚಿಗೆ ಬರೋದು ತಡ ಆಗುತ್ತೆ. ಹೆಸರಿನ ಸ್ಪೆಲ್ಲಿಂಗ್ ಬೇರೆ ಥರ ಇರುತ್ತೆ, ಒಂದೇ ಕಾಗುಣಿತ ಹಿಡ್ಕೊಂಡು ಕೂರಬೇಡಿ. ಅದು ಸಿಗೋವರೆಗೆ ಪುಸ್ತಕದವರಿಗೆ ‘1917ರ ಜೂನ್‌ನಿಂದ ಜಮೇದಾರ್ ಆಗಿ ಕೆಲಸ’ ಅಂತ ಕೊಡಿ ಸಾಕು.
— ವೆಂಕಟಾಚಲ

ಎಲ್ಲ ಸರಿ ಐತ್ರಿ, ಆದ್ರ ಜಮೇದಾರಗ ‘ಅಧಿಕಾರಿ’ ಅಂತ ಬರೀಬೇಕೋ ಬ್ಯಾಡೋ? ಇವತ್ತಿನ ಓದುಗರು ಅಧಿಕಾರಿ ಅಂದ್ರ ಲೆಫ್ಟಿನೆಂಟ್, ಕ್ಯಾಪ್ಟನ್ ಅಂತ ತಿಳೀತಾರ. ನನಗಂತೂ ‘ಜಮೇದಾರ್’ ಅಂತಾನ ಇಟ್ಟು ಮುಂದ ‘ಸೈನ್ಯದ’ ಅಂತ ಸೇರಿಸೂದು ಛಲೋ ಅನಸ್ತದ.
— ಬಸವರಾಜ